ಅಂಗಡಿ ಅಜ್ಜ ಕಣ್ಣು ಮಿಟುಕಿಸ್ತಾರೆ, ಆದ್ರೂ ಜೀವ ಬಂದಿಲ್ಲ. ಎಂತ ಮಾಡುವುದು?

ಬದಿಯಡ್ಕ_ಗೇಮ್ಸ್

ಎಲ್ಲರಿಗೂ ನಮಸ್ಕಾರ. ಕುಂಬಳೆ ಬಸ್‌ಸ್ಟ್ಯಾಂಡಿನ ಹಾಗಿರುವ ಒಂದು ಜಾಗದಲ್ಲಿ ನಡೆಯುವ ಸಣ್ಣ ಗೇಮ್ ಮಾಡ್ತಾ ಇದ್ದೇನೆ. ಗೊಡೊ 4ರಲ್ಲಿ, ಆಂಡ್ರಾಯ್ಡ್ ಫೋನಿಗೆ, 30 ಫ್ರೇಮಿಗೆ ಲಾಕ್ ಮಾಡಿದ್ದು. ಅದರಲ್ಲಿ ಒಬ್ಬರು ಗೂಡಂಗಡಿಯ ಅಜ್ಜ ಇದ್ದಾರೆ. ಆಟಗಾರ ಬಂದು ಮಾತಾಡಿಸುವವರೆಗೆ ಅವರಿಗೆ ಎಂತದೂ ಕೆಲಸ ಇಲ್ಲ. ಸ್ಟೂಲಿನಲ್ಲಿ ಕೂತು ರಸ್ತೆ ನೋಡುವುದು, ಅಷ್ಟೆ.

ಉಸಿರಾಡುವ ಕ್ಲಿಪ್ ಉಂಟು, ಅದರಲ್ಲಿ ತಲೆಯೂ ಸ್ವಲ್ಪ ತೂಗ್ತದೆ. ಕಣ್ಣು ಕೋಡಿನಲ್ಲಿ ಮಿಟುಕಿಸ್ತದೆ: ಪ್ರತಿ 4 ಸೆಕೆಂಡಿಗೊಮ್ಮೆ, ಮುಚ್ಚಲು 0.15, ತೆರೆಯಲು 0.15. ಕಣ್ಣುಗುಡ್ಡೆ ಎರಡು ಸೆಕೆಂಡಿಗೊಮ್ಮೆ ಯಾವುದಾದರೂ ಒಂದು ದಿಕ್ಕು ಆರಿಸಿಕೊಂಡು 0.3 ಸೆಕೆಂಡಿನಲ್ಲಿ ಮೆಲ್ಲ ಅಲ್ಲಿಗೆ ಹೋಗ್ತದೆ. ಇಷ್ಟೆಲ್ಲ ಇದ್ದರೂ ಅಜ್ಜ ನಿದ್ದೆಮಾತ್ರೆ ತಿಂದವರ ಹಾಗೆ ಕಾಣ್ತಾರೆ. ಕಣ್ಣು ಅಲ್ಲಾಡದೆ ಇದ್ದಾಗಲೇ ಇದಕ್ಕಿಂತ ವಾಸಿ ಇತ್ತು ಅಂತ ನನ್ನ ತಂಗಿ ಹೇಳಿದಳು, ಅವಳು ಹೇಳಿದ್ದು ಸರಿಯೇ. ಯಾವುದನ್ನು ಮೊದಲು ಸರಿ ಮಾಡಬೇಕು?

ಸೀತಾಂಗೋಳಿ_ಕೋಡ್

ನಾಲ್ಕು ಸೆಕೆಂಡಿಗೊಮ್ಮೆ ಅಂತ ಕಟ್ಟಿದ್ದೇ ಸಮಸ್ಯೆ ಮಾರಾಯ. ನೋಡುವವರಿಗೆ ಆ ತಾಳ ಕೂಡಲೇ ಗೊತ್ತಾಗ್ತದೆ. `randf_range(2.0, 6.0)` ಹಾಕು, ಅರ್ಧ ಸರಿಯಾಗ್ತದೆ. ಇನ್ನರ್ಧಕ್ಕೆ, ಕಣ್ಣುಗುಡ್ಡೆಗೆ ಪ್ರತಿ ಫ್ರೇಮಿನಲ್ಲಿ ಸಣ್ಣ ನಾಯ್ಸ್ ಕೊಡು. ಮನುಷ್ಯರ ಕಣ್ಣು ಒಂದು ಕ್ಷಣವೂ ಸುಮ್ಮನೆ ಇರುವುದಿಲ್ಲ, ಯಾವಾಗಲೂ ಸೂಕ್ಷ್ಮವಾಗಿ ನಡುಗ್ತಾ ಇರ್ತದೆ. ಅದು ಇಲ್ಲದಿದ್ದರೆ ಗಾಜಿನ ಕಣ್ಣಿನ ಹಾಗೆ ಕಾಣುವುದು.

ಹೊಸೂರು_ದೃಷ್ಟಿ

ನಾನು ಕಣ್ಣಿನ ಪರೀಕ್ಷೆ ಮಾಡೋಳು, ಗೇಮ್ ಬಗ್ಗೆ ಹೆಚ್ಚು ತಿಳಿಯದು. ಸ್ಕ್ರೀನ್ ನೋಡ್ತಾ ಕೂತವರು ಕಣ್ಣು ಮಿಟುಕಿಸೋದು ತುಂಬ ಕಡಿಮೆಯಾಗುತ್ತೆ, ಅದಕ್ಕೇ ಕಣ್ಣು ಒಣಗಿ ಉರಿ ಬರೋದು. ನಿಮ್ಮ ಅಜ್ಜ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತಾರೆ? ವಯಸ್ಸಾದವರಿಗೆ ಕಣ್ಣೀರು ಕಡಿಮೆ ಇರುತ್ತೆ, ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ.

ಬದಿಯಡ್ಕ_ಗೇಮ್ಸ್

@ಹೊಸೂರು_ದೃಷ್ಟಿ ಮೇಡಂ, ಅಜ್ಜ ಗೇಮಿನ ಒಳಗಿನ ಪಾತ್ರ. ನಾನು ಕಂಪ್ಯೂಟರಿನಲ್ಲಿ ಮಾಡಿದ ಮನುಷ್ಯ. ಆದರೆ ನಿಮ್ಮಿಂದ ಒಂದು ವಿಷಯ ತಿಳಿಯಬೇಕಿತ್ತು. ಆರೋಗ್ಯವಂತರು ಸುಮ್ಮನೆ ಕೂತಾಗ ನಿಮಿಷಕ್ಕೆ ಎಷ್ಟು ಸಲ ಮಿಟುಕಿಸ್ತಾರೆ?

ಹೊಸೂರು_ದೃಷ್ಟಿ

ಓ, ಹಾಗಾ! ಸರಿ ಸರಿ. ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸ ಇರುತ್ತೆ, ಆದರೂ ಸುಮ್ಮನೆ ಕೂತಾಗ ನಿಮಿಷಕ್ಕೆ 15ರಿಂದ 20 ಅಂದುಕೊಳ್ಳಿ. 1997ರ ಒಂದು ಅಳತೆಯನ್ನ ನಮ್ಮ ಕ್ಷೇತ್ರದಲ್ಲಿ ಈಗಲೂ ಎತ್ತಿ ಹೇಳ್ತಾರೆ: ಸುಮ್ಮನಿದ್ದಾಗ ಸರಾಸರಿ 17, ಮಾತಾಡುವಾಗ 26, ಓದುವಾಗ 4ರಿಂದ 5. ಅಂದರೆ ಏನು ಮಾಡ್ತಿದ್ದಾರೆ ಅನ್ನೋದರ ಮೇಲೆ ಐದಾರು ಪಟ್ಟು ಬದಲಾಗುತ್ತೆ. ನಿಮ್ಮ ಅಜ್ಜ ಪೇಪರ್ ಓದ್ತಿದ್ದರೆ ಮಿಟುಕಿಸೋದನ್ನ ತುಂಬ ಕಡಿಮೆ ಮಾಡಿ. ಓದೋರು ಹೆಚ್ಚಾಗಿ ಸಾಲು ಮುಗಿದಾಗ, ಪುಟ ತಿರುವಿದಾಗ ಮಿಟುಕಿಸ್ತಾರೆ. ಓದೋದರ ಮಧ್ಯೆ ಅಲ್ಲ.

ಇನ್ನೊಂದು, ರೆಪ್ಪೆ ಮುಚ್ಚೋ ವೇಗ ಮತ್ತು ತೆರೆಯೋ ವೇಗ ಒಂದೇ ಅಲ್ಲ. ಬೀಳೋದು ಬೇಗ, ಏಳೋದು ನಿಧಾನ.

ಚಂದ್ರಗಿರಿ_ರಿಗ್

ಹೊಸೂರಿನವರು ಕೊನೆಗೆ ಹೇಳಿದ್ದು ಚಿನ್ನದಂಥ ಮಾತು, ಅದಕ್ಕೆ ಮತ್ತೆ ಬರ್ತೇನೆ. ಆದರೆ ತಮ್ಮಾ, ನೀನು ಬರೆದದ್ದು ಓದಿದರೆ ನಿನ್ನ ಅಜ್ಜನ ಮುಖ್ಯ ಕಾಯಿಲೆ ರೆಪ್ಪೆಯಲ್ಲಿ ಇಲ್ಲ. ತಲೆ ತೂಗುವಾಗ ಕಣ್ಣೂ ತಲೆಯ ಜೊತೆಗೇ ತೂಗ್ತಾ ಉಂಟು, ಅದೇ ಕಾಯಿಲೆ.

ಹೀಗೆ ನೋಡು. ಕಣ್ಣಿನ ಬೋನ್ ತಲೆಯ ಬೋನಿನ ಮಗು. ಉಸಿರಾಟದ ಕ್ಲಿಪ್ಪಿನಲ್ಲಿ ತಲೆ ಎಡಕ್ಕೆ ಬಲಕ್ಕೆ ಒಂದು 3 ಡಿಗ್ರಿ ತೂಗ್ತದೆ ಅಂತ ಇಟ್ಟುಕೊಳ್ಳುವ. ಅಜ್ಜ 8 ಮೀಟರ್ ದೂರದ ರಸ್ತೆ ನೋಡ್ತಾ ಇದ್ದಾರೆ. ಕಣ್ಣು ತಲೆಗೆ ಅಂಟಿಕೊಂಡಿದ್ದರೆ ಅವರ ನೋಟ ಆ ರಸ್ತೆಯ ಮೇಲೆ ನಡುವಿನಿಂದ ಆಚೆಗೆ 40 ಸೆಂಟಿಮೀಟರ್, ಈಚೆಗೆ 40 ಸೆಂಟಿಮೀಟರ್ ಜಾರ್ತಾ ಇರ್ತದೆ. ಮೆಲ್ಲಗೆ, ನುಣುಪಾಗಿ, ಉಸಿರಿನ ತಾಳಕ್ಕೆ. ಜೀವ ಇರುವ ಮನುಷ್ಯರ ಕಣ್ಣು ಹಾಗೆ ಮಾಡುವುದೇ ಇಲ್ಲ. ನಮ್ಮ ತಲೆ ತಿರುಗಿದಷ್ಟೇ ಕಣ್ಣು ವಿರುದ್ಧ ದಿಕ್ಕಿಗೆ ತಿರುಗಿ ನೋಟವನ್ನು ಇದ್ದಲ್ಲೇ ಹಿಡಿಯುತ್ತದೆ. ಒಳಕಿವಿಯಿಂದ ಬರುವ ಸೂಚನೆಯಿಂದ ತನ್ನಷ್ಟಕ್ಕೇ ಆಗುವ ಕೆಲಸ ಅದು. ನಾವು ಬೇಡ ಅಂದರೂ ನಿಲ್ಲುವುದಿಲ್ಲ.

ನುಣುಪಾಗಿ ಕಣ್ಣು ಓಡಿಸಲು ನಮಗೆ ಬರುವುದು ಓಡುವ ವಸ್ತುವೊಂದು ಎದುರಿಗೆ ಇದ್ದಾಗ ಮಾತ್ರ. ಬಸ್ ಹೋಗ್ತಾ ಇದ್ದರೆ ಅದರ ಹಿಂದೆ ಕಣ್ಣು ನುಣುಪಾಗಿ ಹೋಗ್ತದೆ. ಖಾಲಿ ರಸ್ತೆಯ ಮೇಲೆ ಹಾಗೆ ಓಡಿಸಲು ಪ್ರಯತ್ನ ಮಾಡಿ ನೋಡು, ಆಗುವುದಿಲ್ಲ, ತುಂಡು ತುಂಡಾಗಿ ಜಿಗಿಯುತ್ತದೆ. ಹಾಗಾಗಿ ನಿನ್ನ 0.3 ಸೆಕೆಂಡಿನ ಮೆಲ್ಲಗಿನ ಓಟವೂ ಅದೇ ತಪ್ಪಿನ ಇನ್ನೊಂದು ಮುಖ. ಮಾತ್ರೆ ತಿಂದ ಹಾಗೆ ಕಾಣುವುದು ಈ ಎರಡರಿಂದ.

ಪರೀಕ್ಷೆ ಸುಲಭ. ಎರಡೂ ಕಣ್ಣಿನಿಂದ ಮುಂದಕ್ಕೆ ಒಂದೊಂದು ಉದ್ದ ಗೆರೆ ಎಳೆದು, ಎದುರಿನ ಗೋಡೆಗೆ ಎಲ್ಲಿ ತಾಗ್ತದೆ ಅಂತ ಒಂದು ಚುಕ್ಕೆ ಇಡು. ಸರಿಯಾದ ಅಜ್ಜನ ಚುಕ್ಕೆ ನಿಲ್ಲಬೇಕು, ಜಿಗಿಯಬೇಕು, ಮತ್ತೆ ನಿಲ್ಲಬೇಕು. ಎಲ್ಲಾದರೂ ಜಾರಿದರೆ ಕೆಲಸ ಬಾಕಿ ಉಂಟು ಅಂತ ಲೆಕ್ಕ.

ಮದ್ದು: ನೋಟದ ಗುರಿಯನ್ನು ಕೋನವಾಗಿ ಇಟ್ಟುಕೊಳ್ಳಬೇಡ, ಲೋಕದ ಒಂದು ಜಾಗವಾಗಿ ಇಟ್ಟುಕೊ. ಅನಿಮೇಶನ್ ತಲೆಯನ್ನು ಎಲ್ಲಿಡಬೇಕೋ ಅಲ್ಲಿಟ್ಟ ಮೇಲೆ, ಆ ಜಾಗಕ್ಕೆ ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ತಿರುಗಿಸು. ಗೊಡೊ 4.3ರ ನಂತರ ಇದಕ್ಕೆ ಸರಿಯಾದ ಜಾಗ `SkeletonModifier3D`, ಅದರ `_process_modification()` ಒಳಗೆ. ಸಾದಾ `_process()`ನಲ್ಲಿ ಮಾಡಿದರೆ ಕ್ಲಿಪ್ ಬಂದು ನಿನ್ನ ಕೆಲಸವನ್ನು ಅಳಿಸಿ ಹಾಕಬಹುದು. ಯೂನಿಟಿಯವರಾದರೆ `LateUpdate`. ಮತ್ತೆ, ಕ್ಲಿಪ್ಪಿನಲ್ಲಿಯೇ ಕಣ್ಣಿನ ಬೋನಿಗೆ ಟ್ರ್ಯಾಕ್ ಉಂಟಾ ನೋಡಿ ತೆಗೆದುಬಿಡು.

ಬದಿಯಡ್ಕ_ಗೇಮ್ಸ್

ಅಕ್ಕಾ, ಗೆರೆ ಎಳೆದು ನೋಡಿದೆ. ಚುಕ್ಕೆ ಉಯ್ಯಾಲೆ ಆಡ್ತಾ ಇತ್ತು! ಗುರಿಯನ್ನು ಜಾಗ ಮಾಡಿ ಬದಲಾಯಿಸಿದೆ. ಬೇರೆ ಎಂತದೂ ಮುಟ್ಟಲಿಲ್ಲ, ಮಿಟುಕಿಸುವುದು ಈಗಲೂ ಅದೇ ನಾಲ್ಕು ಸೆಕೆಂಡು. ಆದರೂ ಅಜ್ಜ ರಸ್ತೆಯನ್ನು *ನೋಡ್ತಾ* ಇದ್ದಾರೆ ಅಂತ ಈಗ ಅನಿಸ್ತದೆ. ತಂಗಿಯೂ ಒಪ್ಪಿದಳು.

ಈಗ ಜಿಗಿತದ ಪ್ರಶ್ನೆ. 0.3 ಸೆಕೆಂಡು ಹೆಚ್ಚಾದರೆ ಎಷ್ಟು ಇಡಬೇಕು?

ಚಂದ್ರಗಿರಿ_ರಿಗ್

ಕಣ್ಣಿನ ಜಿಗಿತಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ಜಿಗಿತದ ದೂರವನ್ನು ಹೊಂದಿಕೊಂಡು ಇರ್ತದೆ. ಸುಮಾರಾಗಿ ಹೀಗೆ:

```gdscript
func jump_time(deg: float) -> float:
    return 0.021 + 0.0022 * deg
```

5 ಡಿಗ್ರಿಯ ಜಿಗಿತಕ್ಕೆ 32 ಮಿಲಿಸೆಕೆಂಡು. 20 ಡಿಗ್ರಿಗೆ 65. ನಿನ್ನದು 30 ಫ್ರೇಮ್, ಅಂದರೆ ಒಂದು ಫ್ರೇಮ್ ಅಂದರೇ 33 ಮಿಲಿಸೆಕೆಂಡು. ಹಾಗಾಗಿ ಸಣ್ಣ ಜಿಗಿತಗಳಿಗೆ ನಡುವಿನ ಚಲನೆಯೇ ಬೇಡ. ಈ ಫ್ರೇಮಿನಲ್ಲಿ ಇಲ್ಲಿ, ಮುಂದಿನ ಫ್ರೇಮಿನಲ್ಲಿ ಅಲ್ಲಿ. ದೊಡ್ಡದಕ್ಕೆ ನಡುವೆ ಒಂದು ಫ್ರೇಮ್ ಇಟ್ಟರೆ ಸಾಕು. ಮೊದಮೊದಲು ಇದು ಒರಟು ಅನಿಸ್ತದೆ, ಯಾಕೆಂದರೆ ಕೈಕಾಲಿಗೆಲ್ಲ ನಾವು ಈಸ್-ಇನ್ ಈಸ್-ಔಟ್ ಹಾಕಿ ಅಭ್ಯಾಸ. ಕಣ್ಣಿಗೆ ಆ ಅಭ್ಯಾಸವನ್ನು ಬಿಡಬೇಕು.

ಎಷ್ಟು ದೂರ ಜಿಗಿಯಬೇಕು ಅನ್ನುವುದು ಮುಂದಿನ ವಿಷಯ. ದಿನನಿತ್ಯದಲ್ಲಿ ನಮ್ಮ ಕಣ್ಣಿನ ಜಿಗಿತಗಳಲ್ಲಿ ಹೆಚ್ಚಿನವು 15 ಡಿಗ್ರಿಯ ಒಳಗೇ ಇರ್ತವೆ, ಇದನ್ನು 1975ರಲ್ಲೇ ಅಳೆದಿದ್ದಾರೆ. ಅದಕ್ಕಿಂತ ದೂರ ನೋಡಬೇಕಾದರೆ ತಲೆಯೂ ಬರ್ತದೆ. ಅದರಲ್ಲೂ ಸಣ್ಣವು ತುಂಬ, ದೊಡ್ಡವು ಅಪರೂಪ. 2002ರಲ್ಲಿ ಲೀ ಮತ್ತು ಇಬ್ಬರು ಬ್ಯಾಡ್ಲರ್‌ಗಳು ಸಿಗ್ಗ್ರಾಫಿನಲ್ಲಿ ಇದನ್ನೇ ಮಾದರಿ ಮಾಡಿ ತೋರಿಸಿದರು. ಅಳತೆಗೆ ಹೊಂದುವ ಹಾಗೆ ಜಿಗಿಸಿದ ಕಣ್ಣು, ಮನಬಂದಂತೆ ಜಿಗಿಸಿದ ಕಣ್ಣಿಗಿಂತ ನೋಡುವವರಿಗೆ ಹೆಚ್ಚು ಸಹಜ ಅನಿಸಿತು. ನಿನ್ನ "ಯಾವುದಾದರೂ ಒಂದು ದಿಕ್ಕು" ಅನ್ನುವುದು ಈ ಮನಬಂದಂತೆ ಅನ್ನುವ ಜಾತಿಯದ್ದು.

ನಾನಾದರೆ ದಿಕ್ಕು ಆರಿಸುವುದನ್ನೇ ಬಿಟ್ಟು, ವಸ್ತು ಆರಿಸ್ತೇನೆ. ಅಜ್ಜನ ಸುತ್ತ ಏನೇನು ಉಂಟು? ಬಸ್ ಬರುವ ತಿರುವು, ಎದುರಿನ ಬೆಂಚು, ತೂಗುಹಾಕಿದ ಬಾಳೆಗೊನೆ, ಮಡಿಲಲ್ಲಿ ಪೇಪರ್. ನಾಲ್ಕು ಖಾಲಿ ನೋಡ್ ಇಡು. ತಿರುವಿಗೆ ಹೆಚ್ಚು ತೂಕ ಕೊಡು, ಯಾಕೆಂದರೆ ಕಾಯುವವರು ಅದನ್ನೇ ಮತ್ತೆ ಮತ್ತೆ ನೋಡುವುದು. ಒಂದು ವಸ್ತುವಿನ ಮೇಲೆ ಒಂದೂವರೆ ಸೆಕೆಂಡಿನಿಂದ ನಾಲ್ಕು ಸೆಕೆಂಡು ನಿಲ್ಲಲಿ. ನಿಂತಾಗಲೂ ಕಲ್ಲಾಗುವುದು ಬೇಡ, ಆ ವಸ್ತುವಿನ ಒಳಗೇ 1ರಿಂದ 3 ಡಿಗ್ರಿಯ ಪುಟ್ಟ ಜಿಗಿತಗಳು, ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದು, ಅಂತರ ಸಮನಾಗಿರದ ಹಾಗೆ. ನೀನು ಹುಡುಕುತ್ತಾ ಇರುವ ಜೀವ ಈ ಪುಟ್ಟ ಜಿಗಿತಗಳಲ್ಲಿ ಉಂಟು.

ಸೀತಾಂಗೋಳಿ_ಕೋಡ್

ಅದನ್ನೇ ಅಲ್ವಾ ನಾನು ಹೇಳಿದ್ದು, ಪ್ರತಿ ಫ್ರೇಮಿಗೆ ನಾಯ್ಸ್ ಅಂತ. ಹೆಸರು ಬೇರೆ ಅಷ್ಟೆ.

ಚಂದ್ರಗಿರಿ_ರಿಗ್

ಅಲ್ಲ ಮಾರಾಯ್ರೆ. ಕಣ್ಣು ಸುಮ್ಮನೆ ಇರುವುದಿಲ್ಲ ಅನ್ನುವುದು ನೂರಕ್ಕೆ ನೂರು ಸರಿ. ಆದರೆ ನೀವು ಹೇಳುವ ಸೂಕ್ಷ್ಮ ಚಲನೆ ಹೆಚ್ಚಾಗಿ ಅರ್ಧ ಡಿಗ್ರಿಗೂ ಕಡಿಮೆ. ಕಣ್ಣುಗುಡ್ಡೆಯ ತ್ರಿಜ್ಯ ಸುಮಾರು 12 ಮಿಲಿಮೀಟರ್. ಅರ್ಧ ಡಿಗ್ರಿ ತಿರುಗಿದರೆ ಕಪ್ಪುಗುಡ್ಡೆ ಸರಿಯುವುದು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಫೋನಿನಲ್ಲಿ ಅಜ್ಜನ ಮುಖ 400 ಪಿಕ್ಸೆಲ್ ಎತ್ತರ ಇದ್ದರೆ ಅದು ಒಂದು ಪಿಕ್ಸೆಲಿನ ಐದನೇ ಒಂದು ಭಾಗವೂ ಆಗ್ಲಿಕ್ಕಿಲ್ಲ. ಕಾಣುವುದೇ ಇಲ್ಲ. ಕಾಣುವಷ್ಟು ದೊಡ್ಡದು ಮಾಡಿದಿರೋ, ಆಗ ಅದು ಸೂಕ್ಷ್ಮ ಅಲ್ಲ, ನಡುಕ. ನೋಡುವವರು ಅಜ್ಜನಿಗೆ ಹೆದರಿಕೆ ಆಗಿದೆ ಅಂತ ತಿಳ್ಕೊಳ್ತಾರೆ. ಜಿಗಿತ ಮತ್ತು ಜಿಗಿತದ ನಡುವೆ ನಿಜವಾದ ನಿಲುವು ಇರಲೇಬೇಕು, ನಾಯ್ಸ್ ಹಾಕಿದರೆ ಹೋಗುವುದು ಅದೇ.

ಅಕ್ಕಲಕೋಟಿ_ಪೆನ್ಸಿಲ್

ನಮಸ್ಕಾರ್ರೀ. ನಾ ಕೈಲೆ ಚಿತ್ರ ಬರೆದು ಅನಿಮೇಶನ್ ಮಾಡಾಂವ. ಅಕ್ಕಾರ ಲೆಕ್ಕ ನೋಡಿದ ಮ್ಯಾಲೆ ಅವ್ರ ಲೆಕ್ಕದಿಂದನ ಒಂದು ಮಾತು ಕೇಳ್ತೀನ್ರಿ. ಅಜ್ಜ ಎದುರಿಗೆ ಒಂದೂವರೆ ಮೀಟರ್‌ನ್ಯಾಗ ನಿಂತ ಆಟಗಾರನ ಮುಖ ನೋಡ್ತಾನ ಅನ್ರಿ. ಮನುಷ್ಯಾ ಮುಖ ನೋಡುವಾಗ ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ, ಅಲ್ಲಿಂದ ಬಾಯಿಗೆ, ಹಿಂಗ ಜಿಗಿತಾನ. ಎರಡು ಕಣ್ಣಿನ ನಡುವಿನ ಅಂತರ ಸುಮಾರು 63 ಮಿಲಿಮೀಟರ್. ಅಷ್ಟು ದೂರದಿಂದ ಅದು 2.4 ಡಿಗ್ರಿ ಆಗ್ತದ. ಗುಡ್ಡಿ ಸರಿಯೋದು ಅರ್ಧ ಮಿಲಿಮೀಟರ್. ಅವ್ರು ಹೇಳಿದ 400 ಪಿಕ್ಸೆಲ್ ಮುಖದಾಗ ಅದು ಬರೇ ಒಂದು ಪಿಕ್ಸೆಲ್ ಆತಲ್ರೀ! ಒಂದು ಪಿಕ್ಸೆಲ್ ಯಾರಿಗೆ ಕಾಣಸ್ತದ?

ನನ್ನ ಮಾತು ಏನಂದ್ರ, ಖರೇ ಅಳತಿ ಹಿಡಕೊಂಡು ಕೂತ್ರ ಫೋನಿನ್ಯಾಗ ಏನೂ ಕಾಣಂಗಿಲ್ಲ. ಹೆಚ್ಚು ಮಾಡ್ರಿ. ಎರಡು ಪಟ್ಟು, ಎರಡೂವರೆ ಪಟ್ಟು ಮಾಡ್ರಿ. ನಾವು ಕಾಗದದ ಮ್ಯಾಲೆ ಹಂಗ ಮಾಡ್ತೀವಿ.

ಚಂದ್ರಗಿರಿ_ರಿಗ್

ಅಣ್ಣಾ, ಲೆಕ್ಕ ಸರಿ ಉಂಟು, ಮತ್ತು ಇದು ನಿಜವಾದ ಸಮಸ್ಯೆ. ಆದರೆ ಎಲ್ಲ ಕಡೆಗೂ ಎರಡೂವರೆ ಪಟ್ಟು ಮಾಡಿದರೆ ನನಗೆ ಒಪ್ಪಿಗೆ ಇಲ್ಲ. ಆಟಗಾರನ ಮುಖದ ಮೇಲಿನ ಜಿಗಿತವನ್ನು ಅಷ್ಟು ದೊಡ್ಡದು ಮಾಡಿದರೆ ಅಜ್ಜನ ನೋಟ ಮುಖ ಬಿಟ್ಟು ಕಿವಿಯ ಹತ್ತಿರ, ಭುಜದ ಹತ್ತಿರ ಬೀಳ್ತದೆ. ಮಾತಾಡುವಾಗ ಕಣ್ಣು ತಪ್ಪಿಸ್ತಾ ಇದ್ದಾರೆ, ಏನೋ ಸುಳ್ಳು ಹೇಳ್ತಾ ಇದ್ದಾರೆ ಅನ್ನುವ ಭಾವನೆ ಬರ್ತದೆ. ದೂರದ ರಸ್ತೆ ನೋಡುವಾಗ ದೊಡ್ಡದು ಮಾಡು, ಯಾರೂ ಪತ್ತೆ ಹಚ್ಚುವುದಿಲ್ಲ. ಮಾತಾಡುವ ಹೊತ್ತಿಗೆ ಕ್ಯಾಮೆರಾ ಹೇಗೂ ಹತ್ತಿರ ಬರ್ತದೆ, ಮುಖ 800 ಪಿಕ್ಸೆಲ್ ಆದರೆ ಎರಡು ಪಿಕ್ಸೆಲ್ ಸಿಗ್ತದೆ. ಎರಡು ಪಿಕ್ಸೆಲ್ ಒಮ್ಮೆಲೇ ಸರಿದರೆ ಕಾಣ್ತದೆ.

ಅಕ್ಕಲಕೋಟಿ_ಪೆನ್ಸಿಲ್

ಒಂದೂವರೆ ಪಟ್ಟು ಮಾಡಿ ನೋಡ್ಲಿ ಬಿಡ್ರಿ, ಮಾತಾಡುವಾಗೂ. ಕಣ್ಣು ತಪ್ಪಿಸಿದಂಗ ಕಾಣೋದು ಹೊರಗ ಹೆಚ್ಚು ಹೊತ್ತು ನಿಂತ್ರ. ಲಗೂನ ವಾಪಸ್ ಬಂದ್ರ ಕಾಣಂಗಿಲ್ಲ.

ಪುತ್ಥಳಿ_ಮಧೂರು

ನಾನು ಸೂತ್ರದ ಗೊಂಬೆ ಆಡಿಸುವವನು. ನಿಮ್ಮ ಚರ್ಚೆ ಓದಿ ಒಂದು ಮಾತು ಹೇಳಬೇಕು ಅನಿಸಿತು. ನಮ್ಮ ಯಕ್ಷಗಾನ ಗೊಂಬೆಗೆ ಬರೆದ ಕಣ್ಣು. ರೆಪ್ಪೆ ಇಲ್ಲ, ಗುಡ್ಡೆ ತಿರುಗುವುದಿಲ್ಲ. ಆದರೂ ಸಭೆಯಲ್ಲಿ ಕೂತ ಮಗು ಗೊಂಬೆ ತನ್ನನ್ನೇ ನೋಡಿತು ಅಂತ ಅಮ್ಮನ ಹತ್ತಿರ ಹೇಳ್ತದೆ. ನೋಟ ಎಲ್ಲ ತಲೆಯ ಸೂತ್ರದಲ್ಲಿ ಉಂಟು. ಎದುರಿನ ಪಾತ್ರ ಮಾತು ಶುರು ಮಾಡುವ ಮೊದಲೇ ನಮ್ಮ ಗೊಂಬೆ ಆ ಕಡೆಗೆ ತಿರುಗಿರಬೇಕು, ಅಷ್ಟು ಮಾಡಿದರೆ ಕಣ್ಣು ತನ್ನಷ್ಟಕ್ಕೆ ಬದುಕ್ತದೆ. ನೀವು ತಲೆಯನ್ನು ಬರೀ ಉಸಿರಿಗೆ ಬಿಟ್ಟು ಕಣ್ಣಿಗೆ ಇಷ್ಟು ಕೆಲಸ ಮಾಡುವುದು ಯಾಕೆ?

ಚಂದ್ರಗಿರಿ_ರಿಗ್

ತಲೆ ತಿರುಗಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ ಅಣ್ಣಾ. ಬಾಳೆಗೊನೆಯಿಂದ ತಿರುವಿಗೆ ನೋಟ ಹೋಗುವಾಗ ಕೋನ 30 ಡಿಗ್ರಿ ಮೀರಿದರೆ ಕಣ್ಣು ಮೊದಲು ಜಿಗಿದು, ತಲೆ ಹಿಂದಿನಿಂದ ಮೆಲ್ಲ ಬರಬೇಕು. ತಲೆ ಬರ್ತಾ ಇದ್ದ ಹಾಗೆ ಕಣ್ಣು ಮತ್ತೆ ನಡುವಿಗೆ ಬರ್ತದೆ. ಗುರಿಯನ್ನು ಜಾಗವಾಗಿ ಇಟ್ಟವರಿಗೆ ಇದು ಪುಕ್ಕಟೆ ಸಿಗ್ತದೆ.

ಆದರೆ ಒಂದು ವ್ಯತ್ಯಾಸ ಉಂಟು. ನಿಮ್ಮ ಗೊಂಬೆ ರಂಗದ ಮೇಲೆ ಸುಮ್ಮನೆ ಕೂತು ಹತ್ತು ನಿಮಿಷ ಕಾಯುವುದಿಲ್ಲ. ಈ ಅಜ್ಜನನ್ನು ಆಟಗಾರ ಎಷ್ಟು ಹೊತ್ತು ಬೇಕಾದರೂ ನೋಡ್ತಾ ನಿಲ್ಲಬಹುದು. ಮತ್ತೆ, ಚರ್ಮದ ಸುಕ್ಕು ಸಹಿತ ಮಾಡಿದ ಕಣ್ಣಿಗೆ ರೆಪ್ಪೆ ಇದ್ದ ಮೇಲೆ ಅದು ಬಡಿಯಬೇಕು ಅಂತ ಜನ ಎದುರು ನೋಡ್ತಾರೆ. ಬರೆದ ಕಣ್ಣಿನಿಂದ ಯಾರೂ ಅದನ್ನು ಕೇಳುವುದಿಲ್ಲ.

ಪುತ್ಥಳಿ_ಮಧೂರು

ಕಾಯುವುದಿಲ್ಲ ಅಂತ ಯಾರು ಹೇಳಿದರು? ಒಡ್ಡೋಲಗದಲ್ಲಿ ಪದ್ಯ ಮುಗಿಯುವವರೆಗೆ ನಿಲ್ಲುವ ಗೊಂಬೆಯೂ ಉಂಟು. ಆಗ ಸೂತ್ರ ಹಿಡಿದ ಕೈಯೇ ಅದರ ಉಸಿರು. ಇರಲಿ, ನಿಮ್ಮ ಕಲೆಯ ನಿಯಮ ನಿಮಗೆ. ತಲೆಯನ್ನು ಮರೆಯಬೇಡಿ ಅನ್ನುವುದು ಮಾತ್ರ ನನ್ನ ವಿನಂತಿ.

ಬದಿಯಡ್ಕ_ಗೇಮ್ಸ್

ಮಧೂರಿನ ಅಣ್ಣ ಹೇಳಿದ್ದನ್ನು ಬರೆದಿಟ್ಟುಕೊಂಡೆ. ಆಟಗಾರ ಹತ್ತಿರ ಬಂದ ಕೂಡಲೇ, ಮಾತಿನ ಬಟನ್ ಒತ್ತುವ ಮೊದಲೇ, ಅಜ್ಜ ತಿರುಗುವ ಹಾಗೆ ಮಾಡ್ತೇನೆ.

ಜಿಗಿತ ಈಗ ಚಂದ ಆಯ್ತು. ಇನ್ನು ರೆಪ್ಪೆ. ಅಕ್ಕ, ಸೀತಾಂಗೋಳಿಯವರ `randf_range(2.0, 6.0)` ಹಾಕಿದ್ದೇನೆ, ಸಾಕಾ?

ಚಂದ್ರಗಿರಿ_ರಿಗ್

ನಾಲ್ಕು ಸೆಕೆಂಡಿಗಿಂತ ಎಷ್ಟೋ ಮೇಲು. ಆದರೆ 2ರಿಂದ 6ರ ಒಳಗೆ ಎಲ್ಲವೂ ಸಮ ಅವಕಾಶ ಅಂದರೆ ಎರಡು ಸೆಕೆಂಡಿನ ಒಳಗೆ ಎರಡು ಸಲ ಮಿಟುಕಿಸುವುದು ಆಗುವುದೇ ಇಲ್ಲ, ಎಂಟು ಸೆಕೆಂಡು ಎವೆಯಿಕ್ಕದೆ ನೋಡುವುದೂ ಆಗುವುದಿಲ್ಲ. ನಿಜ ಜೀವನದಲ್ಲಿ ಎರಡೂ ಉಂಟು. ಸಣ್ಣ ಅಂತರಗಳು ಒತ್ತೊತ್ತಾಗಿ, ಉದ್ದ ಅಂತರಗಳು ಅಪರೂಪವಾಗಿ ಬರ್ತವೆ. ನಾನು ಬಳಸುವುದು ಇದು:

```gdscript
func next_blink() -> float:
    return clampf(exp(randfn(log(3.0), 0.6)), 0.5, 12.0)

func blink(t: float) -> float:
    if t < 0.08: return smoothstep(0.0, 0.08, t)
    if t < 0.12: return 1.0
    return pow(maxf(0.0, 1.0 - (t - 0.12) / 0.18), 2.0)
```

ಮೊದಲನೆಯದರಲ್ಲಿ ಅರ್ಧದಷ್ಟು ಅಂತರಗಳು 3 ಸೆಕೆಂಡಿಗಿಂತ ಕಡಿಮೆ, ಅರ್ಧ ಹೆಚ್ಚು. ಸರಾಸರಿ 3.6 ಸೆಕೆಂಡಿನ ಹತ್ತಿರ ಬರ್ತದೆ, ಅಂದರೆ ನಿಮಿಷಕ್ಕೆ ಹದಿನಾರೋ ಹದಿನೇಳೋ. ಹೊಸೂರಿನ ಮೇಡಂ ಹೇಳಿದ 17ಕ್ಕೆ ಹೊಂದ್ತದೆ. ಅಜ್ಜ ಪೇಪರ್ ನೋಡುವಾಗ ಆ 3.0ಯನ್ನು 11ಕ್ಕೆ ಏರಿಸು, ಮೇಲಿನ ಮಿತಿ 12 ಇದ್ದದ್ದನ್ನು 30 ಮಾಡು. ಮಾತಾಡುವಾಗ 2ಕ್ಕೆ ಇಳಿಸು.

ಎರಡನೆಯದು ರೆಪ್ಪೆ. ಬೀಳಲು 80 ಮಿಲಿಸೆಕೆಂಡು, ಏಳಲು 180. ಏಳುವಾಗ ಮೊದಲು ಬೇಗ, ಕೊನೆಗೆ ಮೆಲ್ಲ. ನಡುವೆ 40 ಮಿಲಿಸೆಕೆಂಡು ಪೂರ್ತಿ ಮುಚ್ಚಿ ಹಿಡಿದದ್ದು ಯಾಕೆಂದರೆ ನಿನ್ನ ಫ್ರೇಮ್ 33 ಮಿಲಿಸೆಕೆಂಡು. ಹಿಡಿತ ಅದಕ್ಕಿಂತ ಕಡಿಮೆ ಇದ್ದರೆ ಕೆಲವು ಸಲ ಪೂರ್ತಿ ಮುಚ್ಚಿದ ಕಣ್ಣು ಯಾವ ಫ್ರೇಮಿಗೂ ಸಿಗದೆ ತಪ್ಪಿಹೋಗ್ತದೆ. ಆಗ ಅರೆಮುಚ್ಚಿದ ಕಣ್ಣು ಮಾತ್ರ ಕಂಡು ಅದು ಸೆಳೆತದ ಹಾಗೆ ಅನಿಸ್ತದೆ. ಹಳೆ ಫೋನಿನಲ್ಲಿ 20 ಫ್ರೇಮಿಗೆ ಇಳಿದರೆ ಹಿಡಿತವನ್ನೂ 50ರ ಮೇಲೆ ಏರಿಸಬೇಕು.

ನೋಟ ದೂರ ಜಿಗಿಯುವಾಗ ಜನ ಹೆಚ್ಚಾಗಿ ಜೊತೆಗೇ ಮಿಟುಕಿಸ್ತಾರೆ. 30 ಡಿಗ್ರಿ ಮೀರಿದ ತಿರುವಿಗೆ ನಾನು ಹತ್ತಕ್ಕೆ ಏಳು ಸಲ ಮಿಟುಕಿಸಿ, ಆಮೇಲೆ ಟೈಮರ್ ಹೊಸದಾಗಿ ಶುರು ಮಾಡ್ತೇನೆ. ಏಳು ಅನ್ನುವುದು ನನ್ನ ಕಣ್ಣಳತೆ.

ಸೀತಾಂಗೋಳಿ_ಕೋಡ್

ಒಂದು ನಾನೂ ಸೇರಿಸ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಜನರೂ ಇದ್ದರೆ, ಸೀನ್ ತೆರೆದಾಗ ಎಲ್ಲರ ಟೈಮರ್ ಸೊನ್ನೆಯಿಂದ ಶುರುವಾಗ್ತದೆ. ಮೊದಲ ಸಲದ ಅಂತರವನ್ನು ಪ್ರತಿಯೊಬ್ಬರಿಗೂ ಬೇರೆ ಮಾಡು. ಒಂದೇ ಮೊದಲ ಬೆಲೆ ಕೊಟ್ಟರೆ ಇಡೀ ಸ್ಟ್ಯಾಂಡ್ ಒಟ್ಟಿಗೆ ಕಣ್ಣು ಮುಚ್ಚಿ ತೆರೆಯುತ್ತದೆ.

ಬದಿಯಡ್ಕ_ಗೇಮ್ಸ್

ಎಲ್ಲ ಹಾಕಿದೆ. ಈಗ ಒಂದು ಹೊಸ ತೊಂದರೆ. ಅಜ್ಜ ಮಡಿಲಿನ ಪೇಪರ್ ನೋಡುವಾಗ ಗುಡ್ಡೆ ಕೆಳಗೆ ಇಳಿಯುತ್ತದೆ, ರೆಪ್ಪೆ ಮೇಲೆಯೇ ಉಳಿದು ಗುಡ್ಡೆಯ ಮೇಲ್ಭಾಗದ ಬಿಳಿ ಎಲ್ಲ ಕಾಣ್ತದೆ, ಹೆದರಿದವರ ಹಾಗೆ. ಸರಿ, ರೆಪ್ಪೆಯನ್ನೂ ಇಳಿಸುವ ಅಂತ `eyeBlinkLeft`, `eyeBlinkRight` ಎರಡಕ್ಕೂ 0.45 ಕೊಟ್ಟೆ. ಮಿಟುಕಿಸುವುದನ್ನು ಅದಕ್ಕೆ ಕೂಡಿಸಿದೆ. ಈಗ ಮಿಟುಕಿಸಿದಾಗ ಮೇಲಿನ ರೆಪ್ಪೆ ಕೆನ್ನೆಯ ಒಳಗೆ ಇಳಿಯುತ್ತದೆ. ಮಿಟುಕಿಸದೆ ಇದ್ದಾಗ ರೆಪ್ಪೆಯ ನಡುವಿನಿಂದ ಬಿಳಿ ಗುಡ್ಡೆ ಹೊರಗೆ ಇಣುಕುತ್ತದೆ.

ಚಂದ್ರಗಿರಿ_ರಿಗ್

ಎರಡು ಬೇರೆ ಬೇರೆ ತೊಂದರೆ. ರೆಪ್ಪೆ ನೋಟದ ಜೊತೆಗೆ ಇಳಿಯಬೇಕು ಅನ್ನುವುದು ಸರಿಯೇ, ನಮ್ಮೆಲ್ಲರಿಗೂ ಹಾಗೆಯೇ ಆಗ್ತದೆ. ಆದರೆ ಕೂಡಿಸಬಾರದು. 0.45ಕ್ಕೆ 1 ಕೂಡಿಸಿದರೆ 1.45, ರೆಪ್ಪೆ ಮುಚ್ಚುವ ಜಾಗ ದಾಟಿ ಹೋಗ್ತದೆ. ಮಿಟುಕು ಅನ್ನುವುದು ಈಗ ಇರುವ ಜಾಗದಿಂದ ಪೂರ್ತಿ ಮುಚ್ಚುವವರೆಗಿನ ಪಯಣ:

```gdscript
var lid = lerpf(lid_base, 1.0, blink(t))
var lid_mid = 4.0 * lid * (1.0 - lid)
```

ಎರಡನೇ ಸಾಲು ಎರಡನೇ ತೊಂದರೆಗೆ. ಬ್ಲೆಂಡ್ ಶೇಪ್ ಪ್ರತಿ ಬಿಂದುವನ್ನೂ ತೆರೆದ ಜಾಗದಿಂದ ಮುಚ್ಚಿದ ಜಾಗಕ್ಕೆ ನೇರ ಗೆರೆಯಲ್ಲಿ ಒಯ್ಯುತ್ತದೆ. ಕಣ್ಣುಗುಡ್ಡೆ ಉರುಟು. ರೆಪ್ಪೆಯ ಅಂಚು ಗುಡ್ಡೆಯ ಮೇಲೆ 10 ಮಿಲಿಮೀಟರ್ ಇಳಿಯಬೇಕಿದ್ದರೆ, ನೇರ ಗೆರೆಯ ನಡುವಿನ ಬಿಂದು ಸುಮಾರು ಒಂದು ಮಿಲಿಮೀಟರ್ ಒಳಗೆ ಬೀಳ್ತದೆ. ಮಿಟುಕುವಾಗ ಅದು ಒಂದೆರಡು ಫ್ರೇಮ್, ಯಾರಿಗೂ ಕಾಣುವುದಿಲ್ಲ. ಪೇಪರ್ ಓದುವಾಗ ರೆಪ್ಪೆ ಅರ್ಧದಲ್ಲೇ ನಿಂತಿರ್ತದೆ, ಅದಕ್ಕೇ ಈಗ ಕಂಡದ್ದು.

ಬ್ಲೆಂಡರಿನಲ್ಲಿ `eyeBlink` ಅನ್ನು 0.5ಕ್ಕೆ ಇಟ್ಟು, ರೆಪ್ಪೆಯನ್ನು ಗುಡ್ಡೆಯ ಹೊರಗೆ ಎಳೆದು, ಆ ವ್ಯತ್ಯಾಸವನ್ನು ಮಾತ್ರ ಬೇರೆ ಶೇಪ್ ಕೀ ಮಾಡು. ಅದಕ್ಕೆ `lid_mid` ಕೊಡು. ಅರ್ಧ ಮುಚ್ಚಿದಾಗ ಅದರ ಬೆಲೆ 1, ಎರಡೂ ತುದಿಯಲ್ಲಿ ಸೊನ್ನೆ. ಯೂನಿಟಿಯಲ್ಲಿ ಒಂದೇ ಶೇಪಿನ ನಡುವೆ ಇನ್ನೊಂದು ಹಂತ ಇಡಲು ಬರ್ತದೆ. ನೀನು ಗೊಡೊಗೆ ಜಿಎಲ್‌ಟಿಎಫ್‌ನಲ್ಲಿ ತರುವುದಾದರೆ ಆ ಸೌಲಭ್ಯ ಅದರಲ್ಲಿ ಇಲ್ಲ, ಹಾಗಾಗಿ ಬೇರೆ ಕೀ ಮಾಡದೆ ದಾರಿ ಇಲ್ಲ.

ಹೊಸೂರು_ದೃಷ್ಟಿ

ಒಂದು ಪ್ರಶ್ನೆ. ಅಜ್ಜ ಅಂದಿರಲ್ಲ, ವಯಸ್ಸಾದವರ ಮೇಲ್ರೆಪ್ಪೆ ಸುಮ್ಮನಿದ್ದಾಗಲೂ ಸ್ವಲ್ಪ ಇಳಿದೇ ಇರುತ್ತೆ. ನೇರ ನೋಡುವಾಗ `lid_base` ಸೊನ್ನೆ ಇಟ್ಟಿದ್ದೀರಾ? ಹಾಗಿದ್ದರೆ ಮೂವತ್ತರ ಹುಡುಗನ ಕಣ್ಣಾಗುತ್ತೆ.

ಬದಿಯಡ್ಕ_ಗೇಮ್ಸ್

ಹೌದು ಮೇಡಂ, ಸೊನ್ನೆ ಇತ್ತು! 0.12 ಮಾಡಿದೆ. ಒಮ್ಮೆಲೇ ಇಪ್ಪತ್ತು ವರ್ಷ ಹೆಚ್ಚಾಯ್ತು. ನಡುವಿನ ಕೀಯೂ ಮಾಡಿದೆ ಅಕ್ಕ, ಬಿಳಿ ಇಣುಕುವುದು ನಿಂತಿತು.

ಮಾತಾಡುವಾಗಿನ ಜಿಗಿತವನ್ನು ಅಕ್ಕಲಕೋಟೆಯ ಅಣ್ಣ ಹೇಳಿದ ಹಾಗೆ ಒಂದೂವರೆ ಪಟ್ಟು ಮಾಡಿ, ಹೊರಗೆ ಹೋದದ್ದು ಕಾಲು ಸೆಕೆಂಡಿನಲ್ಲಿ ವಾಪಸ್ ಬರುವ ಹಾಗೆ ಇಟ್ಟಿದ್ದೇನೆ. ನನ್ನ ಫೋನಿನಲ್ಲಿ ಚಂದ ಕಾಣ್ತದೆ. ಟ್ಯಾಬಿನಲ್ಲಿ ನೋಡಿದರೆ ಅಜ್ಜ ಸ್ವಲ್ಪ ಅವಸರದವರ ಹಾಗೆ ಕಾಣ್ತಾರೆ. ಎರಡಕ್ಕೂ ಒಂದೇ ಬೆಲೆ ಸಾಕಾ, ಇಲ್ಲ ಪರದೆಯ ಗಾತ್ರ ನೋಡಿ ಬದಲಾಯಿಸಬೇಕಾ?

ಅಕ್ಕಲಕೋಟಿ_ಪೆನ್ಸಿಲ್

ಪರದೆ ನೋಡಬ್ಯಾಡ್ರಿ, ಮುಖ ಎಷ್ಟು ಪಿಕ್ಸೆಲ್ ಐತಿ ಅದನ್ನ ನೋಡ್ರಿ. ಟ್ಯಾಬಿನ್ಯಾಗೂ ಅಜ್ಜ ದೂರ ಇದ್ರ ಮುಖ ಸಣ್ಣದ ಇರ್ತದ. ಮುಖ ಸಣ್ಣದಾದಷ್ಟು ಪಟ್ಟು ಹೆಚ್ಚು, ದೊಡ್ಡದಾದಷ್ಟು ಒಂದಕ್ಕ ಹತ್ರ.

ಚಂದ್ರಗಿರಿ_ರಿಗ್

ಇದನ್ನು ಒಪ್ಪುತ್ತೇನೆ. ಆದರೆ ಕ್ಯಾಮೆರಾ ಹತ್ತಿರ ಬರ್ತಾ ಇರುವಾಗಲೇ ಪಟ್ಟು ಬದಲಾದರೆ ಚುಕ್ಕೆ ಮತ್ತೆ ಜಾರಲು ಶುರು ಮಾಡ್ತದೆ. ಒಂದು ಜಿಗಿತ ಹೊರಡುವ ಕ್ಷಣದಲ್ಲಿ ಮಾತ್ರ ಪಟ್ಟು ಓದಿಕೊ, ನಿಂತಿರುವಾಗ ಮುಟ್ಟಬೇಡ. ಹಾಗೆ ಮಾಡಿ ಗೋಡೆಯ ಚುಕ್ಕೆಯನ್ನು ಇನ್ನೊಮ್ಮೆ ನೋಡಿ ಇಲ್ಲಿ ಹೇಳು.